30 ದಿನವೋ 90 ದಿನವೋ: ಫೋನಿನಲ್ಲಿ ತೆಗೆದ ಒಪ್ಪಂದದ ಮಸುಕು ಫೋಟೊವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ನೌಕರಿಯ ಒಪ್ಪಂದದ ಪ್ರತಿ ನನ್ನ ಬಳಿ ಇಲ್ಲ. ಸಹಿ ಮಾಡುವ ದಿನ ಅವಸರದಲ್ಲಿ ಫೋನಿನಲ್ಲಿ ತೆಗೆದ ಫೋಟೊಗಳು ಮಾತ್ರ ಇವೆ. ನೋಟಿಸ್ ಅವಧಿ 30 ದಿನ ಎಂದು ನನಗೆ ಕಾಣುತ್ತದೆ, ನನ್ನ ಸ್ನೇಹಿತರಿಗೆ ಅದು 90 ಎಂದು ಕಾಣುತ್ತದೆ. ಅದರ ಕೆಳಗಿನ ದಂಡದ ಸಾಲುಗಳೂ ಅರ್ಧ ಮಸುಕು. ಹೊಸ ಕೆಲಸಕ್ಕೆ ಸೇರುವ ದಿನಾಂಕವನ್ನು ಈ ವಾರ ತಿಳಿಸಬೇಕಿದೆ. ಈ ಫೋಟೊ ನಂಬಿ ರಾಜೀನಾಮೆ ಕೊಡಬಹುದೇ?

ಉತ್ತರ: ಈ ಫೋಟೊವನ್ನು ನಂಬಿ ಕಲಮಿನ ಸ್ವರೂಪವನ್ನು ತಿಳಿದುಕೊಳ್ಳಬಹುದು. ಆದರೆ ಅದರೊಳಗಿನ ಅಂಕಿಯನ್ನು ನಂಬಿ ದಿನಾಂಕ ಗೊತ್ತುಮಾಡಬೇಡಿ. ಮಸುಕಾದ ಪುಟದಲ್ಲಿ ಪದಗಳು ಉಳಿದುಕೊಳ್ಳುವ ಬಗೆಯೇ ಬೇರೆ, ಅಂಕಿಗಳು ಉಳಿದುಕೊಳ್ಳುವ ಬಗೆಯೇ ಬೇರೆ. "ಲಿಖಿತ ನೋಟಿಸ್ ನೀಡಿ" ಎಂಬ ಪದಗುಚ್ಛದಲ್ಲಿ ಎರಡು ಅಕ್ಷರ ಅಳಿಸಿಹೋದರೂ ಓದುವವರಿಗೆ ಅಡ್ಡಿಯಾಗುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಅಕ್ಷರಗಳೂ ವಾಕ್ಯದ ಅರ್ಥವೂ ಸೇರಿ ಆ ಜಾಗವನ್ನು ತುಂಬಿಕೊಡುತ್ತವೆ. ಅಂಕಿಗೆ ಇಂತಹ ನೆರವು ಇಲ್ಲ. 30 ದಿನ ಎಂದರೂ ವಾಕ್ಯ ಸರಿಯಾಗಿಯೇ ಇರುತ್ತದೆ, 90 ದಿನ ಎಂದರೂ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಇಡೀ ಪುಟ ಓದಲು ಬರುತ್ತದೆ ಎಂದು ನಿಮಗೆ ಅನ್ನಿಸುತ್ತಿರುವಾಗಲೂ, ನಿಮಗೆ ನಿಜವಾಗಿ ಬೇಕಾದ ಒಂದು ಅಂಕಿ ಮಾತ್ರ ಕೈಗೆ ಸಿಗದೆ ಉಳಿಯಬಹುದು.

ನೀವು ಕಳುಹಿಸಿದ ಪುಟದಲ್ಲಿ ನನಗೆ ಸಂದೇಹವಿಲ್ಲದೆ ಓದಲು ಬಂದದ್ದನ್ನು ಬರೆದು, ಬಾರದ ಜಾಗದಲ್ಲಿ ಚೌಕವನ್ನು ಇಟ್ಟಿದ್ದೇನೆ. ಊಹೆಯನ್ನು ಎಲ್ಲಿಯೂ ಸೇರಿಸಿಲ್ಲ.

9.1 ಉಭಯ ಪಕ್ಷದವರಲ್ಲಿ ಯಾರೇ ಆಗಲಿ ▢0 ದಿನಗಳ ಲಿಖಿತ ನೋಟಿಸ್ ನೀಡಿ ಈ ಒಪ್ಪಂದವನ್ನು ಕೊನೆಗೊಳಿಸಬಹುದು.

9.2 ನೋಟಿಸ್ ಅವಧಿಯನ್ನು ಪೂರ್ಣವಾಗಿ ಪೂರೈಸದ ನೌಕರರು ಕೊರತೆಯ ದಿನಗಳಿಗೆ ತಮ್ಮ ▢▢▢ ವೇತನದ ದರದಲ್ಲಿ ಲೆಕ್ಕ ಹಾಕಿದ ಮೊತ್ತವನ್ನು ಸಂಸ್ಥೆಗೆ ಪಾವತಿಸತಕ್ಕದ್ದು.

9.3 ಸದರಿ ಮೊತ್ತವನ್ನು ಬೇಡಿಕೆಯ ದಿನದಿಂದ 15 ದಿನಗಳೊಳಗೆ ಪಾವತಿಸದಿದ್ದಲ್ಲಿ, ಬಾಕಿಯ ಮೇಲೆ ತಿಂಗಳಿಗೆ ಶೇಕಡ 1▢5 ದರದಲ್ಲಿ ಬಡ್ಡಿಯನ್ನು, ಹಾಗೂ ಅನುಬಂಧ 2ರಲ್ಲಿ ತಿಳಿಸಿರುವ ▢▢▢

ಇಲ್ಲಿಗೆ ಫೋಟೊದ ಕೆಳಅಂಚು ಬರುತ್ತದೆ. ಇಂತಹ ಪುಟವನ್ನು ನೋಡುವಾಗ ಮೊದಲು ಮಾಡಬೇಕಾದ ಕೆಲಸವೂ ಇದೇ: ಓದಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ, ಚೌಕಗಳ ಸಮೇತ ಕಾಗದದ ಮೇಲೆ ಬರೆದುಕೊಳ್ಳುವುದು. ಬರೆಯುವಾಗ ಕೈ ಎಲ್ಲಿ ತಡೆಯುತ್ತದೆಯೋ ಅಲ್ಲಿ ಕಣ್ಣು ಊಹಿಸುತ್ತಿತ್ತು ಎಂದು ಗೊತ್ತಾಗುತ್ತದೆ. ನಿಮ್ಮ ಪುಟದಲ್ಲಿ ನಾಲ್ಕು ಚೌಕಗಳು ಉಳಿದಿವೆ. ಒಂದೊಂದೂ ಬೇರೆ ಬೇರೆ ಕಾರಣಕ್ಕೆ ಕೆಟ್ಟಿರುವುದರಿಂದ ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದಕ್ಕೆ ಒದಗುವುದಿಲ್ಲ.

ಚೌಕಗಳ ಕಡೆ ಹೋಗುವ ಮೊದಲು ಕಡತವನ್ನು ನೋಡೋಣ. ನೀವು ನನಗೆ ಕಳುಹಿಸಿದ ಚಿತ್ರದ ಅಳತೆ 1600×1200 ಪಿಕ್ಸೆಲ್. ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಮೂಲ ಫೋಟೊ ಸಾಮಾನ್ಯವಾಗಿ 4000×3000 ಪಿಕ್ಸೆಲ್ ಇರುತ್ತದೆ. ಅಂದರೆ ನನ್ನ ಕೈಗೆ ಬಂದಿರುವುದು ಮೆಸೇಜಿಂಗ್ ಆ್ಯಪ್ ಕಿರಿದುಗೊಳಿಸಿದ ಪ್ರತಿ. ಬಹುಶಃ ನಿಮ್ಮ ಸ್ನೇಹಿತರು ನೋಡಿದ್ದೂ ಅದನ್ನೇ. ಮೂಲ ಕಡತ ಇನ್ನೂ ನಿಮ್ಮ ಫೋನಿನ ಗ್ಯಾಲರಿಯಲ್ಲಿ ಇರಬಹುದು. ಫೋಟೊದ ವಿವರಗಳನ್ನು ತೆರೆದು ಅಳತೆಯನ್ನು ನೋಡಿ. ಅಲ್ಲಿ 4000 ಎಂದಿದ್ದರೆ ಅದನ್ನು ಫೋಟೊ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ, ಇಲ್ಲವೇ ಇಮೇಲ್‌ಗೆ ಲಗತ್ತಿಸಿ ಕಳುಹಿಸಿ. ಸ್ಕ್ರೀನ್‌ಶಾಟ್ ತೆಗೆದು ಕಳುಹಿಸುವುದು ಬೇಡ, ಅದು ಪರದೆಯ ಅಳತೆಗೆ ಇನ್ನೊಮ್ಮೆ ಕುಗ್ಗುತ್ತದೆ.

ಈ ವ್ಯತ್ಯಾಸ ಎಷ್ಟೆಂಬುದನ್ನು ಲೆಕ್ಕದಲ್ಲೇ ನೋಡಬಹುದು. ಎ4 ಹಾಳೆಯ ಉದ್ದ 297 ಮಿಲಿಮೀಟರ್, ಎಂದರೆ 11.7 ಅಂಗುಲ. ಹಾಳೆ ಚೌಕಟ್ಟನ್ನು ಪೂರ್ತಿ ತುಂಬಿದ್ದರೆ ಮೂಲ ಫೋಟೊದಲ್ಲಿ ಅಂಗುಲಕ್ಕೆ ಸುಮಾರು 340 ಪಿಕ್ಸೆಲ್ ಸಿಗುತ್ತವೆ. ದಾಖಲೆಗಳನ್ನು ಸ್ಕ್ಯಾನ್ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ 300ರ ಮಟ್ಟಕ್ಕಿಂತ ಇದು ಮೇಲು. ಕಿರಿದುಗೊಳಿಸಿದ ಪ್ರತಿಯಲ್ಲಿ ಅದು 137ಕ್ಕೆ ಇಳಿಯುತ್ತದೆ. ನಿಮ್ಮ ಫೋಟೊದಲ್ಲಿ ಮೇಜು, ಪೆನ್ನು, ಲೋಟ ಎಲ್ಲವೂ ಕಾಣಿಸುತ್ತಿದ್ದು, ಹಾಳೆ ಚೌಕಟ್ಟಿನ ಮೂರರಲ್ಲಿ ಎರಡು ಭಾಗವನ್ನಷ್ಟೇ ಆಕ್ರಮಿಸಿದೆ. ಆದ್ದರಿಂದ ಅಂಗುಲಕ್ಕೆ ಉಳಿದದ್ದು 91 ಪಿಕ್ಸೆಲ್. ಹನ್ನೊಂದು ಪಾಯಿಂಟ್ ಅಳತೆಯ ಅಚ್ಚಿನಲ್ಲಿ ಒಂದು ಅಂಕಿಯ ಎತ್ತರ ಆಗ ಸುಮಾರು 10 ಪಿಕ್ಸೆಲ್, ದಶಮಾಂಶದ ಚುಕ್ಕೆ ಒಂದೂವರೆ ಪಿಕ್ಸೆಲ್. ಅಂಕಿಯ ಒಳಗಿನ ಸಂದುಗೊಂದುಗಳಿಗೆ ಎರಡು ಮೂರು ಪಿಕ್ಸೆಲ್‌ಗಳಷ್ಟೇ ಸಿಗುತ್ತವೆ. ಇದರ ಮೇಲೆ ಕೈ ಅಲುಗಿದ್ದರೆ ಆ ಸಂದೂ ಮುಚ್ಚಿಹೋಗುತ್ತದೆ.

ಈಗ ಮೊದಲ ಚೌಕಕ್ಕೆ ಬರೋಣ. 3 ಮತ್ತು 9 ಇವೆರಡರ ಆಕಾರವನ್ನು ಒಂದರ ಮೇಲೊಂದು ಇಟ್ಟು ನೋಡಿ. ಬಲಬದಿಯ ಬಾಗು ಎರಡರಲ್ಲೂ ಇದೆ, ಕೆಳಗೆ ಎಡಕ್ಕೆ ತಿರುಗುವ ಬಾಲವೂ ಎರಡರಲ್ಲೂ ಇದೆ. ಮುಖ್ಯ ವ್ಯತ್ಯಾಸ ಮೇಲಿನ ಎಡಭಾಗದಲ್ಲಿ: 9ರಲ್ಲಿ ಅಲ್ಲಿ ಒಂದು ಗೆರೆ ಸುತ್ತಿಬಂದು ಉಂಗುರವನ್ನು ಮುಚ್ಚುತ್ತದೆ, 3ರಲ್ಲಿ ಅದು ತೆರೆದಿರುತ್ತದೆ. ಹತ್ತು ಪಿಕ್ಸೆಲ್ ಎತ್ತರದ ಅಂಕಿಯಲ್ಲಿ ಈ ತೆರವು ಎರಡು ಮೂರು ಪಿಕ್ಸೆಲ್‌ಗಳ ವಿಷಯ. ಮಸುಕು ಸಾಮಾನ್ಯವಾಗಿ ತೆರವನ್ನು ಮುಚ್ಚುತ್ತದೆಯೇ ಹೊರತು ಮುಚ್ಚಿದ್ದನ್ನು ತೆರೆಯುವುದಿಲ್ಲ. ಆದ್ದರಿಂದ ಮಸುಕಿನ ನಡುವೆಯೂ ಎಡಭಾಗ ತೆರೆದಂತೆ ಕಂಡರೆ ಅದು 3 ಎಂಬುದಕ್ಕೆ ಸ್ವಲ್ಪ ಬಲ ಬರುತ್ತದೆ. ಮುಚ್ಚಿದಂತೆ ಕಂಡರೆ ಯಾವುದಕ್ಕೂ ಬಲ ಬರುವುದಿಲ್ಲ. ಇದಕ್ಕೊಂದು ಅಪವಾದವಿದೆ. ಫ್ಲ್ಯಾಶ್ ಅಥವಾ ಕಿಟಕಿಯ ಬೆಳಕು ಹೊಳೆದ ಜಾಗದಲ್ಲಿ ತೆಳು ಗೆರೆಗಳು ಬಿಳಿಯಲ್ಲಿ ಕರಗುತ್ತವೆ, ಆಗ 9 ಕೂಡ 3ರಂತೆ ತೆರೆದು ನಿಲ್ಲುತ್ತದೆ. ಅದೇ ಸಾಲಿನ ಇತರ ಅಕ್ಷರಗಳಲ್ಲಿ ತೆಳು ಗೆರೆಗಳು ತುಂಡಾಗಿವೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ನಿಮ್ಮ ಪುಟದಲ್ಲಿ ಬಲ ಮೇಲ್ಭಾಗಕ್ಕೆ ಹೊಳಪು ಬಿದ್ದಿದೆ, ಆದರೆ 9.1ರ ಸಾಲಿನವರೆಗೆ ಅದು ಇಳಿದಿಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆಯೊಂದು ಆ ಪುಟದಲ್ಲೇ ಇದೆ. ಎಡ ಅಂಚಿನಲ್ಲಿ 9.1, 9.2, 9.3 ಎಂದು ಉಪಕಲಮುಗಳ ಸಂಖ್ಯೆಗಳಿವೆ. ಅನುಕ್ರಮದಿಂದಲೇ ಅವುಗಳ ಬೆಲೆ ನಿಶ್ಚಿತ: ಇದು 9, ಇದು 3 ಎಂದು ಯಾರನ್ನೂ ಕೇಳಬೇಕಾಗಿಲ್ಲ. ಅದೇ ಅಚ್ಚು, ಅದೇ ಗಾತ್ರ, ಅದೇ ಫೋಟೊ. ಈ ಎರಡು ಪರಿಚಿತ ಅಂಕಿಗಳನ್ನು ಹಿಗ್ಗಿಸಿ ಸಂದೇಹದ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿದೆ. ಎಡ ಅಂಚಿನಲ್ಲಿ 9 ಮತ್ತು 3 ಸ್ಪಷ್ಟವಾಗಿಯೇ ಬೇರೆ ಬೇರೆ ಕಾಣುತ್ತವೆ. ಆದರೆ ಸಂದೇಹದ ಅಂಕಿ ಇರುವುದು ಸಾಲಿನ ಬಲತುದಿಯಲ್ಲಿ. ಅಲ್ಲಿ ಹಾಳೆ ಮೇಲಕ್ಕೆ ಬಾಗಿ ಫೋಕಸ್‌ನಿಂದ ಹೊರಗೆ ಹೋಗಿದೆ. ಎಡ ಅಂಚಿನ ತೀಕ್ಷ್ಣತೆಯನ್ನು ಬಲ ಅಂಚಿಗೆ ಆರೋಪಿಸುವಂತಿಲ್ಲ. ಬಲಬದಿಯಲ್ಲಿ ಅಷ್ಟೇ ದೂರದಲ್ಲಿರುವ ಪರಿಚಿತ ಅಂಕಿಯನ್ನು ಹುಡುಕಿದರೆ ಸಿಗುವುದು ಪುಟದ ಮೇಲಿನ ವರ್ಷ ಮಾತ್ರ, ಅದರಲ್ಲಿ 3 ಇಲ್ಲ, 9 ಇಲ್ಲ. ಆದ್ದರಿಂದ ಈ ಪರೀಕ್ಷೆ ನಿಮ್ಮ ಪುಟದಲ್ಲಿ ತೀರ್ಮಾನ ಕೊಡಲಿಲ್ಲ. ಮೂಲ ಕಡತದಲ್ಲಿ ಕೊಡಬಹುದು.

ಎಷ್ಟೋ ಒಪ್ಪಂದಗಳಲ್ಲಿ ಅಂಕಿಯ ಪಕ್ಕದಲ್ಲೇ ಆವರಣದಲ್ಲಿ ಅಕ್ಷರದಲ್ಲೂ ಬರೆದಿರುತ್ತಾರೆ. ನಿಮ್ಮಲ್ಲಿ 9.1ರಲ್ಲಿ ಅದಿಲ್ಲ, ಬೇರೆ ಪುಟದಲ್ಲಿ ಇದೆಯೇ ಎಂದು ನೋಡಿ. ಅಕ್ಷರದಲ್ಲಿ ಬರೆದದ್ದಕ್ಕೆ ಮಸುಕನ್ನು ತಾಳುವ ಶಕ್ತಿ ಹೆಚ್ಚು. ಮೂವತ್ತು, ತೊಂಬತ್ತು ಎರಡೂ ಒಂದೇ ಬಗೆಯ ಒತ್ತಕ್ಷರದಲ್ಲಿ ಮುಗಿಯುತ್ತವೆ ನಿಜ. ಆದರೂ ತೊಂಬತ್ತರ ನಡುವಿನ ಸೊನ್ನೆಯಿಂದ ಪದದ ಒಟ್ಟು ಅಗಲ ಮತ್ತು ಹೊರಗೆರೆ ಬೇರೆಯಾಗುತ್ತದೆ, ಅಕ್ಷರ ಬಿಡಿಬಿಡಿಯಾಗಿ ಕಾಣದಿದ್ದರೂ ಪದ ಗುರುತು ಸಿಗುತ್ತದೆ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದಾಗ ಅಕ್ಷರದಲ್ಲಿ ಬರೆದದ್ದಕ್ಕೆ ಮನ್ನಣೆ ಕೊಡುವುದು ದಸ್ತಾವೇಜುಗಳನ್ನು ಅರ್ಥೈಸುವ ಹಳೆಯ ರೂಢಿಯೂ ಹೌದು.

ಒಪ್ಪಂದದ ಇತರ ಭಾಗಗಳಿಂದ ಅಂಕಿಯನ್ನು ಊಹಿಸುವ ದಾರಿಯನ್ನೂ ಯೋಚಿಸಿದ್ದೇನೆ. ನೇಮಕಾತಿ ಪತ್ರ, ಪ್ರೊಬೇಶನ್ ಕುರಿತ ಕಲಮು, ನೋಟಿಸ್ ಬದಲಿಗೆ ಕೊಡುವ ವೇತನದ ಕಲಮು, ಇವುಗಳಲ್ಲಿ ಅದೇ ಅವಧಿ ಮತ್ತೊಮ್ಮೆ ಬರುವುದುಂಟು. ನಿಮ್ಮ ಎರಡನೇ ಪುಟದಲ್ಲಿ ಪ್ರೊಬೇಶನ್ ಅವಧಿಯ ನೋಟಿಸ್ 15 ದಿನ ಎಂದು ಸ್ಪಷ್ಟವಾಗಿದೆ. ಕಾಯಂ ಆದಮೇಲೆ ಅದಕ್ಕಿಂತ ಹೆಚ್ಚು ಇರುವುದು ಸಹಜ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, 30 ಮತ್ತು 90 ಎರಡೂ ಅದಕ್ಕೆ ಹೊಂದುತ್ತವೆ. ರೂಢಿಯಲ್ಲಿ ಎರಡೂ ಸಾಮಾನ್ಯವಾದ ಅವಧಿಗಳಾದ್ದರಿಂದ ಯಾವುದು ಸಂಭವನೀಯ ಎಂದು ಕೇಳಿಯೂ ಪ್ರಯೋಜನವಿಲ್ಲ. ಮೊದಲ ಚೌಕ ಚೌಕವಾಗಿಯೇ ಉಳಿಯುತ್ತದೆ.

ಬಡ್ಡಿಯ ಚೌಕದ ಮಾತು ಬೇರೆ. 1 ಮತ್ತು 5ರ ನಡುವೆ ಚುಕ್ಕೆ ಇದೆಯೋ, ಬರಿಯ ತೆರವಿದೆಯೋ ಎಂಬುದು ಪ್ರಶ್ನೆ. ಒಂದೂವರೆ ಪಿಕ್ಸೆಲ್ ಅಗಲದ ಚುಕ್ಕೆಯನ್ನು ಜೆಪೆಗ್ ಸಂಕುಚನ ಸುಲಭವಾಗಿ ಅಳಿಸಿಬಿಡುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಹಂಚಿಕೊಂಡು, ಪ್ರತಿಯೊಂದರಲ್ಲೂ ಅತಿ ಸೂಕ್ಷ್ಮವಾದ ಏರಿಳಿತಗಳನ್ನು ಮೊದಲು ಕೈಬಿಡುವ ಪದ್ಧತಿ. ಆದ್ದರಿಂದ ಚುಕ್ಕೆ ಕಾಣದಿರುವುದು ಚುಕ್ಕೆ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅಂಕಿಗಳ ನಡುವಿನ ಅಂತರವನ್ನು ಅಳೆಯುವುದು ಇಲ್ಲಿ ಮೇಲು: ಅದೇ ಸಾಲಿನಲ್ಲಿ "15 ದಿನಗಳೊಳಗೆ" ಎಂಬಲ್ಲಿ 1 ಮತ್ತು 5 ಅಂಟಿಕೊಂಡಿವೆ, ಬಡ್ಡಿಯ ದರದಲ್ಲಿ ಅವುಗಳ ನಡುವೆ ಕಣ್ಣಿಗೆ ಕಾಣುವಷ್ಟು ಹೆಚ್ಚು ಜಾಗವಿದೆ. ಅರ್ಥದ ದೃಷ್ಟಿಯಿಂದಲೂ ನೋಡಬಹುದು. ತಿಂಗಳಿಗೆ ಶೇಕಡ 1.5 ಎಂದರೆ ವರ್ಷಕ್ಕೆ 18, ತಿಂಗಳಿಗೆ ಶೇಕಡ 15 ಎಂದರೆ ವರ್ಷಕ್ಕೆ 180. ಎರಡನೆಯದನ್ನು ನೌಕರಿಯ ಒಪ್ಪಂದದಲ್ಲಿ ಬರೆಯುವವರು ವಿರಳ. ಅಂತರ ಮತ್ತು ಅರ್ಥ ಎರಡೂ ಒಂದೇ ಕಡೆ ಬೆರಳು ತೋರುತ್ತಿರುವುದರಿಂದ ಇದು 1.5 ಎಂದು ನಾನು ಭಾವಿಸುತ್ತೇನೆ, ಆದರೆ ಭಾವಿಸುತ್ತೇನೆ ಎಂದೇ ಬರೆಯುತ್ತೇನೆ.

9.2ರ ಚೌಕವನ್ನು ಮಸುಕು ಎನ್ನುವಂತಿಲ್ಲ. ಅಲ್ಲಿ ನಿಮ್ಮ ಕೈಯ ನೆರಳು ಬಿದ್ದು, ಅದರ ಮೇಲೆ ಫೋನು ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿದೆ. ನೆರಳಿನಲ್ಲಿ ಬಿದ್ದ ಅಕ್ಷರ ಕೆಲವೊಮ್ಮೆ ಹಿಂದಿರುಗುತ್ತದೆ. ಮೂಲ ಕಡತದಲ್ಲಿ ಹೊಳಪನ್ನೂ ನೆರಳಿನ ಮಟ್ಟವನ್ನೂ ಏರಿಸಿ ನೋಡಿ, ಅದು ಇದ್ದ ಮಾಹಿತಿಯನ್ನು ಹೊರತರುವ ಕೆಲಸ. ಅಲ್ಲಿ ಇರಬೇಕಾದ ಪದ ಬಹುತೇಕ "ಮೂಲ" ಅಥವಾ "ಒಟ್ಟು". ಎರಡೂ ಎರಡೇ ಅಕ್ಷರದವು. "ಒಟ್ಟು" ಎಂಬುದರ ಕೆಳಗೆ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ, "ಮೂಲ" ಎಂಬುದಕ್ಕೆ ಕೆಳಗೆ ಏನೂ ಇಲ್ಲ. ಹೊಳಪು ಏರಿಸಿದಾಗ ಪದದ ಕೆಳಗೆ ಒಂದು ಗಂಟು ಕಂಡರೆ ಅದೇ ಸಾಕಷ್ಟು ಸುಳಿವು.

ಆದರೆ ಚಿತ್ರವನ್ನು "ಸ್ಪಷ್ಟಗೊಳಿಸುವ", ಹಿಗ್ಗಿಸುವ ಆ್ಯಪ್‌ಗಳಿಗೆ ಈ ಪುಟವನ್ನು ಕೊಟ್ಟು ಬಂದ ಫಲಿತಾಂಶವನ್ನು ನನಗೆ ಕಳುಹಿಸಬೇಡಿ. ಹೊಳಪು ಏರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಂತಹ ಸಾಧನ ಅಳಿಸಿಹೋದ ಗೆರೆಯ ಜಾಗದಲ್ಲಿ ತನಗೆ ಸರಿ ತೋರಿದ ಗೆರೆಯನ್ನು ತೀಡಿಡುತ್ತದೆ, ಆಮೇಲೆ ಅಂಕಿ ಅಚ್ಚುಕಟ್ಟಾಗಿ ಕಾಣುವುದರಿಂದ ಸಂದೇಹಪಡುವ ಕಾರಣವೇ ಮಾಯವಾಗುತ್ತದೆ. ಚಿತ್ರದಿಂದ ಅಕ್ಷರಗಳನ್ನು ಎತ್ತಿಕೊಡುವ ಆ್ಯಪ್‌ಗಳದೂ ಇದೇ ಕಥೆ: ಪದ ತಪ್ಪಾದರೆ ನಿಘಂಟು ತಿದ್ದಬಹುದು, 30ನ್ನು 90 ಎಂದು ಬರೆದರೆ ತಿದ್ದುವವರಿಲ್ಲ. ತೀಕ್ಷ್ಣವಾಗಿ ಕಾಣುವ ಅಂಕಿಯೂ ತಪ್ಪಾಗಿರಬಹುದು ಎಂಬುದಕ್ಕೆ 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಬಯಲಿಗೆ ತಂದ ಪ್ರಕರಣ ಸಾಕ್ಷಿ. ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್‌ಗಳು ಕಡತದ ಗಾತ್ರವನ್ನು ಉಳಿಸಲು ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಬಗೆದು, 6 ಇದ್ದಲ್ಲಿ 8ನ್ನು ಅಚ್ಚಳಿಯದಂತೆ ಕೂರಿಸುತ್ತಿದ್ದವು. ಮನೆಯ ನಕ್ಷೆಯಲ್ಲಿ ಕೋಣೆಯ ವಿಸ್ತೀರ್ಣ ಬದಲಾಗಿದ್ದರಿಂದ ಅದು ಪತ್ತೆಯಾಯಿತು. ಅಂದಹಾಗೆ, ಯಾರಾದರೂ ನಿಮಗೆ ಮಸುಕಾದ ಪುಟದ "ಸ್ಪಷ್ಟ ಪ್ರತಿ" ಕಳುಹಿಸಿದರೆ ಅದು ಮೂಲದಿಂದ ಬಂದದ್ದೋ, ನಿಮ್ಮ ಫೋಟೊದಿಂದಲೇ ತಯಾರಾದದ್ದೋ ಎಂದು ಕೇಳಿ ತಿಳಿದುಕೊಳ್ಳಿ.

ನಿಮಗೆ 30 ಕಂಡು ಸ್ನೇಹಿತರಿಗೆ 90 ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೇಗ ಬಿಡುಗಡೆ ಬೇಕಾದವರಿಗೆ ಸಣ್ಣ ಸಂಖ್ಯೆ ಕಾಣುತ್ತದೆ, ಎಚ್ಚರಿಸಲು ಕುಳಿತವರಿಗೆ ದೊಡ್ಡದು. ಮೂಲ ಕಡತ ಸಿಕ್ಕಾಗ ಈ ವಿಷಯ ಗೊತ್ತಿಲ್ಲದ ಇಬ್ಬರಿಗೆ ಆ ಅಂಕಿಯನ್ನು ಮಾತ್ರ ಕತ್ತರಿಸಿ ತೋರಿಸಿ, "ಇದು ಯಾವ ಅಂಕಿ" ಎಂದಷ್ಟೇ ಕೇಳಿ. 3 ಅಥವಾ 9 ಎಂಬ ಆಯ್ಕೆಯನ್ನು ನೀವೇ ಮುಂದಿಡಬೇಡಿ. ಇಬ್ಬರೂ ತಡವರಿಸದೆ ಒಂದೇ ಉತ್ತರ ಹೇಳಿದರೆ ಅದು ಓದಬಲ್ಲ ಅಂಕಿ.

ಇನ್ನು ಈ ಚೌಕಗಳು ನಿಮ್ಮ ಜೇಬಿಗೆ ಏನು ಮಾಡುತ್ತವೆ ಎಂದು ಲೆಕ್ಕ ಹಾಕೋಣ. ತಿಂಗಳ ಒಟ್ಟು ವೇತನ 60,000, ಅದರಲ್ಲಿ ಮೂಲ ವೇತನ 30,000 ಎಂದು ಇಟ್ಟುಕೊಂಡು, ನೀವು 30 ದಿನಗಳ ನೋಟಿಸ್ ಕೊಟ್ಟು ಹೊರಟಿರಿ ಎನ್ನೋಣ. ಒಪ್ಪಂದದಲ್ಲಿ ಇರುವುದು 30 ದಿನವೇ ಆದರೆ ಕೊರತೆ ಇಲ್ಲ, 9.2 ಮತ್ತು 9.3 ನಿಮ್ಮನ್ನು ಮುಟ್ಟುವುದೇ ಇಲ್ಲ. 90 ಆಗಿದ್ದರೆ ಕೊರತೆ 60 ದಿನ. ಆಗ ಮೂಲ ವೇತನದ ದರದಲ್ಲಿ 60,000, ಒಟ್ಟು ವೇತನದ ದರದಲ್ಲಿ 1,20,000 ಕೊಡಬೇಕಾಗುತ್ತದೆ. ಇದನ್ನು ಪಾವತಿಸದೆ ಒಂದು ತಿಂಗಳು ತಡಮಾಡಿದರೆ ಬಡ್ಡಿ, ಶೇಕಡ 1.5ರಂತೆ, 900 ಅಥವಾ 1,800. ಶೇಕಡ 15 ಆಗಿದ್ದರೆ 9,000 ಅಥವಾ 18,000. ಈ ಲೆಕ್ಕ ನೋಡಿದರೆ ಯಾವ ಚೌಕ ಮುಖ್ಯ ಎಂಬುದು ತಾನಾಗಿ ಗೊತ್ತಾಗುತ್ತದೆ. ಮೊದಲ ಅಂಕಿ ತಿಳಿಯುವವರೆಗೆ ಉಳಿದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದು 3 ಆದರೆ ಉಳಿದವು ಓದಲು ಬಾರದಿದ್ದರೂ ನಷ್ಟವಿಲ್ಲ. ಬಡ್ಡಿಯ ಚುಕ್ಕೆಯಂತೂ ಸಕಾಲದಲ್ಲಿ ಹಣ ಕಟ್ಟಿದರೆ ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಅಂಕಿ 9 ಆಗಿದ್ದರೆ ನಾಲ್ಕನೆಯ ಚೌಕವನ್ನು ಮಾತ್ರ ಹೀಗೆ ಬದಿಗಿಡಲು ಬರುವುದಿಲ್ಲ. 9.3 "ಹಾಗೂ" ಎಂಬ ಪದದ ನಂತರ ಅನುಬಂಧ 2ರ ಕಡೆಗೆ ತಿರುಗಿ ಫೋಟೊದ ಅಂಚಿನಲ್ಲಿ ತುಂಡಾಗಿದೆ. "ಹಾಗೂ" ಎಂದಿರುವುದರಿಂದ ಮುಂದೆ ಬರುವುದು ಬಡ್ಡಿಗೆ ಬದಲಿಯಾದದ್ದಲ್ಲ, ಬಡ್ಡಿಯ ಜೊತೆಗೆ ಸೇರುವಂಥದ್ದು. ಅದು ತರಬೇತಿಯ ವೆಚ್ಚವಿರಬಹುದು, ವಸೂಲಿಯ ಖರ್ಚಿರಬಹುದು, ಬೇರೇನೋ ಇರಬಹುದು. ನಿಮ್ಮ ಫೋಟೊಗಳಲ್ಲಿ ಅನುಬಂಧ 2 ಇಲ್ಲವೇ ಇಲ್ಲ. ಪುಟಗಳ ಕೆಳಗೆ "7ರಲ್ಲಿ 2", "7ರಲ್ಲಿ 3" ಎಂದು ಮುದ್ರಿತವಾಗಿದ್ದು, ನಿಮ್ಮ ಬಳಿ ಇರುವುದು ಐದು ಪುಟ. ಮಸುಕಾದ ಪುಟ ತಾನು ಮಸುಕು ಎಂದು ಹೇಳಿಕೊಳ್ಳುತ್ತದೆ, ಇಲ್ಲದ ಪುಟ ಅದನ್ನೂ ಹೇಳುವುದಿಲ್ಲ. ಫೋಟೊಗಳನ್ನು ಓದಲು ಕುಳಿತಾಗ ಅಡಿಬರಹದ ಪುಟಸಂಖ್ಯೆಯನ್ನು ಮೊದಲು ಎಣಿಸಬೇಕು ಎನ್ನುವುದು ಇದಕ್ಕೇ.

ಸ್ಪಷ್ಟವಾಗಿ ಓದಲು ಬರುವ ಭಾಗದಲ್ಲೂ ಗಮನಿಸಬೇಕಾದದ್ದು ಇದೆ. 9.1 "ಲಿಖಿತ ನೋಟಿಸ್" ಎಂದು ಹೇಳುತ್ತದೆ, ಆದರೆ ಅವಧಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂದು ಹೇಳುವುದಿಲ್ಲ. ಕೊಟ್ಟ ದಿನದಿಂದಲೋ, ಸಂಸ್ಥೆಗೆ ತಲುಪಿದ ದಿನದಿಂದಲೋ, ಮುಂದಿನ ತಿಂಗಳ ಒಂದನೇ ತಾರೀಖಿನಿಂದಲೋ ಎಂಬುದು ಸಾಮಾನ್ಯವಾಗಿ ಒಪ್ಪಂದದ ಕೊನೆಯ ಪುಟಗಳಲ್ಲಿ, ಪತ್ರವ್ಯವಹಾರದ ಕಲಮಿನಲ್ಲಿ ಅಡಗಿರುತ್ತದೆ. ಅದು ನಿಮ್ಮ ಬಳಿ ಇಲ್ಲದ ಎರಡು ಪುಟಗಳಲ್ಲಿ ಇರಬಹುದು. ತಿಂಗಳ ಎರಡನೇ ದಿನ ಕೊಟ್ಟ ನೋಟಿಸ್ ಮುಂದಿನ ತಿಂಗಳ ಒಂದರಿಂದ ಎಣಿಕೆಯಾದರೆ 30 ದಿನದ ಅವಧಿ 60ರ ಹತ್ತಿರಕ್ಕೆ ಹೋಗುತ್ತದೆ. 9.1 "ಉಭಯ ಪಕ್ಷದವರಲ್ಲಿ ಯಾರೇ ಆಗಲಿ" ಎಂದಿರುವುದರಿಂದ ಅವಧಿ ಇಬ್ಬರಿಗೂ ಸಮ ಎಂಬುದು ಮಾತ್ರ ನಿಶ್ಚಿತ. ಇನ್ನು 9.2 "ಪಾವತಿಸತಕ್ಕದ್ದು" ಎನ್ನುತ್ತದೆಯೇ ವಿನಾ, ಹಣ ಕಟ್ಟಿ ಬೇಗ ಹೊರಡುವ ಆಯ್ಕೆ ನಿಮ್ಮದು ಎನ್ನುವುದಿಲ್ಲ. ಹಣ ಕೊಟ್ಟರೆ ಸಂಸ್ಥೆ ಬಿಡುಗಡೆ ಪತ್ರವನ್ನು ಕೊಡಲೇಬೇಕು ಎಂದು ಈ ಸಾಲಿನಿಂದ ತೀರ್ಮಾನಿಸಬೇಡಿ.

ದಂಡದ ಕಲಮನ್ನು ಪೂರ್ತಿ ಓದಲು ಬಂದ ಮೇಲೂ, ಬರೆದ ಮೊತ್ತ ಮತ್ತು ವಸೂಲಿಗೆ ಅರ್ಹವಾದ ಮೊತ್ತ ಒಂದೇ ಆಗಿರಬೇಕಿಲ್ಲ. ಇದು ದೇಶದಿಂದ ದೇಶಕ್ಕೆ ಬೇರೆ. ಭಾರತೀಯ ಕರಾರು ಅಧಿನಿಯಮ, 1872ರ 74ನೇ ಕಲಮು ಒಪ್ಪಂದದಲ್ಲಿ ಹೆಸರಿಸಿದ ಮೊತ್ತವನ್ನು ಮೇಲ್ಮಿತಿಯೆಂದು ಎಣಿಸಿ, ಅದನ್ನು ಮೀರದ ಸಮಂಜಸ ಪರಿಹಾರವನ್ನು ಕೊಡಿಸುತ್ತದೆ. ಫ್ರಾನ್ಸಿನ ನಾಗರಿಕ ಸಂಹಿತೆಯಲ್ಲಿ ಮೊತ್ತ ಎದ್ದುಕಾಣುವಷ್ಟು ಅತಿಯಾಗಿದ್ದರೆ ಅದನ್ನು ಇಳಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ನೋಟಿಸ್ ಅವಧಿಗೂ ಕೆಲವು ಕಡೆ ಕಾನೂನಿನ ಕಟ್ಟುಪಾಡುಗಳಿವೆ. ಜರ್ಮನಿಯಲ್ಲಿ ನೌಕರರಿಗೆ ವಿಧಿಸುವ ಅವಧಿ ಮಾಲೀಕರಿಗೆ ವಿಧಿಸುವುದಕ್ಕಿಂತ ದೀರ್ಘವಾಗಿರುವಂತಿಲ್ಲ. ಆದರೆ ಇವೆಲ್ಲ ವಿವಾದ ಎದ್ದ ಮೇಲೆ ಒದಗುವ ರಕ್ಷಣೆಗಳು, ಮತ್ತು ಆ ವಾದವನ್ನು ಮಂಡಿಸುವುದಕ್ಕೂ ಕಲಮಿನ ಪೂರ್ಣ ಪಾಠ ಕೈಯಲ್ಲಿರಬೇಕು.

ಆದ್ದರಿಂದ ಈ ವಾರ ಮಾಡಬೇಕಾದದ್ದು ಪ್ರತಿಯನ್ನು ಕೇಳುವ ಕೆಲಸ. ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆಯುವಾಗ "ನನ್ನ ನೋಟಿಸ್ ಅವಧಿ ಎಷ್ಟು" ಎಂದು ಕೇಳಬೇಡಿ. ಹಾಗೆ ಕೇಳಿದರೆ ಸಿಗುವುದು ಯಾರದೋ ನೆನಪಿನ ಉತ್ತರ, ಮೇಲಾಗಿ ನಿಮ್ಮ ಉದ್ದೇಶ ಮೊದಲೇ ತಿಳಿದುಹೋಗುತ್ತದೆ. ಹೀಗೆ ಬರೆದರೆ ಸಾಕು: "ಇಂತಹ ದಿನಾಂಕದಂದು ಸಹಿಯಾದ ನನ್ನ ನೌಕರಿಯ ಒಪ್ಪಂದದ ಎಲ್ಲ 7 ಪುಟಗಳು, ಅನುಬಂಧಗಳು ಹಾಗೂ ನಂತರ ಆಗಿರುವ ತಿದ್ದುಪಡಿಗಳೇನಾದರೂ ಇದ್ದಲ್ಲಿ ಅವುಗಳ ಸ್ಕ್ಯಾನ್ ಪ್ರತಿಯನ್ನು ನನ್ನ ದಾಖಲೆಗಾಗಿ ಕಳುಹಿಸಿಕೊಡಬೇಕಾಗಿ ವಿನಂತಿ." ತಿದ್ದುಪಡಿಯನ್ನು ಹೆಸರಿಸಿ ಕೇಳುವುದು ಅಗತ್ಯ, ಏಕೆಂದರೆ ಬಡ್ತಿ ಅಥವಾ ವೇತನ ಪರಿಷ್ಕರಣೆಯ ಪತ್ರದಲ್ಲಿ ನೋಟಿಸ್ ಅವಧಿ ಬದಲಾಗಿರುವುದುಂಟು, ಆಗ ಮೊದಲ ಒಪ್ಪಂದದ ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಹಳೆಯ ಉತ್ತರ. ಪ್ರತಿ ಕೈಗೆ ಬಂದಾಗ ಅದನ್ನು ನಿಮ್ಮ ಫೋಟೊದ ಜೊತೆ ಹೋಲಿಸಿ. ಸಹಿ ಬಿದ್ದ ಜಾಗ, ಅಂಚಿನಲ್ಲಿ ಹಾಕಿದ ಚುಟುಕು ಸಹಿ, ಸಾಲು ಮುರಿಯುವ ಕಡೆಗಳು ಎರಡರಲ್ಲೂ ಒಂದೇ ಆಗಿರಬೇಕು. ಅಂಕಿ ಓದಲು ಬಾರದ ನಿಮ್ಮ ಫೋಟೊ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ.

ಕಚೇರಿಗೆ ಹೋಗಿ ಮೂಲವನ್ನು ನೋಡುವ ಅವಕಾಶ ಕೊಟ್ಟರೆ, ಒಪ್ಪಿಗೆ ಪಡೆದು ಮತ್ತೆ ಫೋಟೊ ತೆಗೆಯಿರಿ. ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಫ್ಲ್ಯಾಶ್ ಇಲ್ಲದೆ, ನೆರಳು ಬೀಳದಂತೆ ಬೆಳಕಿನ ಎದುರು ಬದಿಯಲ್ಲಿ ನಿಂತು ಪುಟಕ್ಕೊಂದರಂತೆ ತೆಗೆದು, ಆಮೇಲೆ ಒಂಬತ್ತನೇ ಕಲಮನ್ನೂ ಅನುಬಂಧ 2ನ್ನೂ ಹತ್ತಿರದಿಂದ ಇನ್ನೊಮ್ಮೆ ತೆಗೆಯಿರಿ. ಅಲ್ಲಿಂದ ಏಳುವ ಮೊದಲು ಬಡ್ಡಿಯ ದರವನ್ನು ಹಿಗ್ಗಿಸಿ ನೋಡಿ. ಚುಕ್ಕೆ ಇದ್ದರೆ ಅದು ಪರದೆಯಲ್ಲಿ ಬಿಡಿಯಾಗಿ, ದುಂಡಾಗಿ ಕಾಣಬೇಕು. ಚುಕ್ಕೆ ಉಳಿದ ಫೋಟೊದಲ್ಲಿ ಅದರ ಸುತ್ತಲಿನ ಅಕ್ಷರಗಳೂ ಉಳಿದಿರುತ್ತವೆ.

ಹೊಸ ಸಂಸ್ಥೆಗೆ ದಿನಾಂಕ ತಿಳಿಸಲೇಬೇಕಾದ ದಿನದೊಳಗೆ ಪ್ರತಿ ಬಾರದಿದ್ದರೆ, ರಾಜೀನಾಮೆ ಕೊಟ್ಟ ದಿನದಿಂದ 90 ದಿನ ಎಂದು ಲೆಕ್ಕ ಹಿಡಿದು, "ಈಗಿನ ಸಂಸ್ಥೆ ಬಿಡುಗಡೆಯ ದಿನವನ್ನು ಖಚಿತಪಡಿಸಿದ ಮೇಲೆ ಇದಕ್ಕಿಂತ ಮೊದಲೇ ಸೇರಲು ಸಾಧ್ಯವಾಗಬಹುದು" ಎಂದು ಸೇರಿಸಿ ತಿಳಿಸಿ. ಸೇರುವ ದಿನವನ್ನು ಹಿಂದಕ್ಕೆ ತರಲು ಕೇಳುವುದು ಸುಲಭ, ಮುಂದಕ್ಕೆ ಹಾಕಲು ಕೇಳುವುದು ಕಷ್ಟ. ರಾಜೀನಾಮೆ ಪತ್ರದಲ್ಲಿ ದಿನಗಳ ಸಂಖ್ಯೆಯನ್ನು ನೀವಾಗಿ ಬರೆಯದೆ, "ಒಪ್ಪಂದದ 9.1ನೇ ಕಲಮಿನಂತೆ ನೋಟಿಸ್ ನೀಡುತ್ತಿದ್ದೇನೆ, ನನ್ನ ಕೊನೆಯ ಕೆಲಸದ ದಿನವನ್ನು ಲಿಖಿತವಾಗಿ ತಿಳಿಸಬೇಕು" ಎಂದು ಬರೆಯಿರಿ. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಇಮೇಲ್‌ನ ಸರಣಿಯಲ್ಲಿ ಮತ್ತೊಮ್ಮೆ ಕೇಳಿ, ಎರಡನ್ನೂ ಉಳಿಸಿಕೊಳ್ಳಿ. ಮೂಲ ಕಡತ ಸಿಕ್ಕರೆ 9.1ರ ಸಾಲಿನ ಬಲತುದಿಯನ್ನು ನನಗೂ ಡಾಕ್ಯುಮೆಂಟ್ ಆಗಿ ಕಳುಹಿಸಿ. ಅಂಗುಲಕ್ಕೆ 200 ಪಿಕ್ಸೆಲ್ ಮೀರಿದರೆ ಆ ಅಂಕಿ ತೀರ್ಮಾನವಾಗುವ ಸಂಭವವಿದೆ.